ಮಗಳ ಔತಣಕೂಟಕ್ಕೆ ಬಂದವರಿಗೂ ಬರಲಾಗದವರಿಗೂ

ಎಲ್ಲರಿಗೂ ನಮಸ್ಕಾರ.

ಮೊನ್ನೆ ಆದಿತ್ಯವಾರ, ಮೇ 18ರ ಸಂಜೆ, ಉಡುಪಿಯಲ್ಲಿ ನಮ್ಮ ಮಗಳು ಅಳಿಯನ ಔತಣಕೂಟ ನಡೆಯಿತು. ನೀವೆಲ್ಲ ಬಂದಿರಿ, ಮಕ್ಕಳ ತಲೆ ಮೇಲೆ ಅಕ್ಷತೆ ಹಾಕಿ ಹರಸಿದಿರಿ. ನಮ್ಮ ಮನೆಯವರು, ಪುತ್ತೂರಿನ ಬೀಗರು ಎಲ್ಲರ ಪರವಾಗಿ ತುಂಬು ಹೃದಯದ ಧನ್ಯವಾದ ಹೇಳಲು ಇದನ್ನು ಬರೆಯುತ್ತಿದ್ದೇನೆ.

ಮೊದಲು ಎಲ್ಲರ ಹೆಸರು ಬರೆಯಬೇಕು ಅಂತ ಡೈರಿ ಹಿಡಿದು ಕೂತೆ. ದೊಡ್ಡಪ್ಪ ದೊಡ್ಡಮ್ಮಂದಿರಿಂದ ಶುರು ಮಾಡಿದೆ. ಎರಡು ಪುಟ ತುಂಬಿತು. ಆದರೂ ಅತ್ತೆಯಂದಿರ ಕಡೆಗೆ ಇನ್ನೂ ಬಂದೇ ಇರಲಿಲ್ಲ. ಹೀಗೆ ಬರೆದರೆ ಒಂದು ಹೆಸರಾದರೂ ಬಿಟ್ಟೇ ಹೋಗುತ್ತದೆ. ಬಿಟ್ಟುಹೋದವರಿಗೆ ಎಷ್ಟು ಬೇಸರ ಆಗುತ್ತದೆ ಅಂತ ನನಗೂ ಗೊತ್ತು. ಆದ್ದರಿಂದ ಯಾರ ಹೆಸರನ್ನೂ ಇಲ್ಲಿ ಹಾಕಿಲ್ಲ. ಮುಂದಿನ ಸಾಲಲ್ಲಿ ಕೂತವರು, ಹಿಂದೆ ನಿಂತೇ ಮಕ್ಕಳನ್ನು ನೋಡಿ ಹೊರಟವರು, ಅಡುಗೆ ಕೋಣೆಯಿಂದ ಹೊರಗೆ ಬರಲು ಪುರುಸೊತ್ತೇ ಸಿಗದವರು, ಎಲ್ಲರೂ ಈ ಮಾತು ನಮಗೇ ಹೇಳಿದ್ದು ಅಂತ ತಿಳಿದುಕೊಳ್ಳಬೇಕು.

ಆದರೆ ಒಂದು ವಿಷಯ ಹೇಳದೆ ಇರಲು ಆಗುವುದಿಲ್ಲ. ಅದು ಹೂವಿನದು.

ನಮ್ಮದು ಶಂಕರಪುರದ ಹತ್ತಿರದ ಊರು. ಮಲ್ಲಿಗೆ ನಮಗೆ ಹೊಸತಲ್ಲ. ಆದರೆ ಮದುವೆ ಸೀಸನ್‌ನಲ್ಲಿ ಹೂವಿಗೆ ಎಷ್ಟು ಬೇಡಿಕೆ ಇರುತ್ತದೆ ಅಂತ ಇಲ್ಲಿನವರಿಗೆ ಗೊತ್ತೇ ಇದೆ. ಆ ದಿನ ಬೆಳಕು ಹರಿಯುವ ಮೊದಲೇ ನೆರೆಮನೆಯ ಅಕ್ಕಂದಿರು ಟಾರ್ಚ್ ಹಿಡಿದು ಗಿಡದ ಹತ್ತಿರ ಹೋಗಿದ್ದಾರೆ. ನನಗೆ ಹೇಳಿರಲೂ ಇಲ್ಲ. ಮೊಗ್ಗು ಕೊಯ್ದು, ಜಗಲಿಯಲ್ಲಿ ಕೂತು, ಬಾಳೆ ನಾರಿನಲ್ಲಿ ಕಟ್ಟಿ, ಬಾಳೆ ಎಲೆಯಲ್ಲಿ ಸುತ್ತಿ ನಮ್ಮ ಮನೆಗೆ ತಂದುಕೊಟ್ಟರು. ಎರಡು ಅಟ್ಟೆ ಹೂವು. ಒಂದು ಅಟ್ಟೆಗೆ 4 ಚೆಂಡು, ಒಂದು ಚೆಂಡಿಗೆ 800 ಮೊಗ್ಗು. ಲೆಕ್ಕ ಹಾಕಿ ನೋಡಿ, 6,400 ಮೊಗ್ಗು! ಒಂದೊಂದನ್ನೂ ಬೆರಳಲ್ಲಿ ಹಿಡಿದು ಕಟ್ಟಿದ್ದು. ಕಟ್ಟೆಗೆ ಹೋಗಬೇಕಾದ ಹೂವನ್ನು ನನ್ನ ಮಗಳಿಗೆ ಅಂತ ಎತ್ತಿಟ್ಟಿರಿ. ಬೆಳಿಗ್ಗೆ ಬಿಗಿಯಾಗಿ ಮುಚ್ಚಿಕೊಂಡಿದ್ದ ಮೊಗ್ಗು ಸಂಜೆ ಅವಳ ಜಡೆಯಲ್ಲೇ ಅರಳಿತು. ಅವಳು ತಲೆ ತಿರುಗಿಸಿದಾಗಲೆಲ್ಲ ನನಗೆ ಆ ಪರಿಮಳ ಬರುತ್ತಿತ್ತು. ಆಗೆಲ್ಲ ನಿಮ್ಮ ನೆನಪಾಯಿತು.

ಮುಂಬೈಯಿಂದ ಮತ್ಸ್ಯಗಂಧದಲ್ಲಿ ಬಂದು, ಬೆಳಗಿನ ಜಾವ ಉಡುಪಿ ಸ್ಟೇಷನ್‌ನಲ್ಲಿ ಇಳಿದವರು, ನಿದ್ದೆಗಣ್ಣಲ್ಲೇ ತರಕಾರಿ ಹೆಚ್ಚಲು ಕೂತಿರಿ. ಗಲ್ಫ್‌ನಿಂದ ಎರಡೇ ದಿನದ ರಜೆ ಹಾಕಿ ಬಂದವರೂ ಇದ್ದಿರಿ. ಪುತ್ತೂರಿನಿಂದ ಬಸ್ಸು ಮಾಡಿಕೊಂಡು ಬಂದ ಬೀಗರ ಕಡೆಯವರು ಬಂದ ಕೂಡಲೇ ನಮ್ಮವರ ಜೊತೆ ಬಡಿಸಲು ನಿಂತರು. "ಇದು ನಮ್ಮ ಮನೆಯದೂ ಕಾರ್ಯಕ್ರಮ ಅಲ್ವಾ" ಅಂತ ಬೀಗಿತ್ತಿ ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. ಬಹಳ ವರ್ಷಗಳ ನಂತರ ನಮ್ಮ ಮೆಟ್ಟಿಲು ಹತ್ತಿದವರೂ ಇದ್ದಿರಿ. ನೀವು ಬಂದದ್ದು ನಮಗೆ ಎಷ್ಟು ಸಂತೋಷ ಅಂತ ಬರೆದು ತಿಳಿಸಲು ಬರುವುದಿಲ್ಲ.

ಮಳೆಯ ವಿಷಯ. ಏಳೂವರೆಗೆ ಗುಡುಗು ಶುರುವಾಗಿ, ಕರೆಂಟು ಹೋಗಿ, ಜನರೇಟರ್ ಹಿಡಿಯುವಷ್ಟರಲ್ಲಿ ಸುಮಾರು ಇಪ್ಪತ್ತು ನಿಮಿಷ ಕತ್ತಲೆ. ಗಾಡಿ ನಿಲ್ಲಿಸಿದ ಮೈದಾನ ಪೂರ್ತಿ ಕೆಸರು. ಆಗ ಊರಿನ ಹುಡುಗರು ಪ್ಯಾಂಟು ಮಡಚಿಕೊಂಡು ಕಾರು ತಳ್ಳಿದರು. ಕೊಡೆ ಹಿಡಿದು ಅಜ್ಜ ಅಜ್ಜಿಯಂದಿರನ್ನು ಒಬ್ಬೊಬ್ಬರಾಗಿ ಒಳಗೆ ಕರೆತಂದರು. ಅವರ ಹೊಸ ಅಂಗಿಗಳ ಗತಿ ನಾನು ನೋಡಿದ್ದೇನೆ. ಮಕ್ಕಳೇ, ನಿಮಗೆ ಒಳ್ಳೆಯದಾಗಲಿ.

ಈ ಗಡಿಬಿಡಿಯಲ್ಲಿ ನಮ್ಮಿಂದ ತಪ್ಪುಗಳೂ ಆದವು. ಎರಡನೇ ಪಂಕ್ತಿಯವರು ತುಂಬಾ ಹೊತ್ತು ಕಾಯಬೇಕಾಯಿತು. ಗುಳ್ಳದ ಹುಳಿ ಎಲ್ಲರಿಗೂ ಸಿಕ್ಕಿತು. ಹಲಸಿನ ಹಣ್ಣಿನ ಪಾಯಸ ಮಾತ್ರ ಕೊನೆಯ ಪಂಕ್ತಿಗೆ ಮುಗಿದೇ ಹೋಗಿತ್ತು. ಊಟ ಮಾಡದೆ ಹೋದವರೂ ಕೆಲವರು ಇದ್ದಾರೆ ಅಂತ ಮರುದಿನ ಗೊತ್ತಾಯಿತು. ಅದು ಮನಸ್ಸಿಗೆ ತುಂಬಾ ಚುಚ್ಚಿತು. ದಯವಿಟ್ಟು ಕ್ಷಮಿಸಿ. ಆಟಿ ಶುರುವಾಗುವ ಮೊದಲು ಒಂದು ದಿನ ಮನೆಗೆ ಬನ್ನಿ. ಆ ಊಟ ನಮ್ಮ ಮೇಲೆ ಬಾಕಿ ಇದೆ.

ಬರಲು ಆಗದವರಿಗೂ ಒಂದು ಮಾತು. ಪರೀಕ್ಷೆ, ಆರೋಗ್ಯ, ರಜೆ, ದೂರ, ಕಾರಣ ಏನೇ ಇರಲಿ, ಅದನ್ನು ನಾವು ಯಾರೂ ಕೇಳುವುದಿಲ್ಲ, ನೀವೂ ಹೇಳಬೇಕಾಗಿಲ್ಲ. ಮನೆಯಲ್ಲೇ ಇದ್ದು ಆಶೀರ್ವಾದ ಮಾಡಿದ ಹಿರಿಯರ ಕಾಲಿಗೆ ಬೀಳಲು ಮಕ್ಕಳಿಬ್ಬರೂ ಬರುತ್ತಾರೆ. ಇನ್ನು ಕಾಗದ ಕೊಡಲು ಹೊರಟಾಗ ಕೆಲವು ಮನೆಗಳಿಗೆ ಬೀಗ ಹಾಕಿತ್ತು. ಕೆಲವು ಮನೆ ನಮ್ಮ ಮರೆವಿನಿಂದಲೇ ಬಿಟ್ಟುಹೋಯಿತು. ಕಾಗದ ಬರಲಿಲ್ಲ ಎಂದು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ. ತಪ್ಪು ನಮ್ಮದು. ನಾನೇ ಬಂದು ಮಾತಾಡುತ್ತೇನೆ.

ಉಡುಗೊರೆ ಬೇಡ ಅಂತ ಕಾಗದದಲ್ಲೇ ಬರೆಸಿದ್ದೆವು. ಆದರೂ ಪ್ರೀತಿಯಿಂದ ಮಕ್ಕಳ ಕೈಗೆ ಏನೋ ಇಟ್ಟವರಿದ್ದೀರಿ. ಯಾರು ಏನು ಕೊಟ್ಟರು ಅನ್ನುವುದು ಅವರಿಗೂ ಮಕ್ಕಳಿಗೂ ಮಾತ್ರ ಸೇರಿದ ವಿಷಯ. ಅವರೇ ಒಬ್ಬೊಬ್ಬರಿಗೂ ಫೋನ್ ಮಾಡುತ್ತಾರೆ. ಬರಿಯ ಆಶೀರ್ವಾದ ತಂದವರಿಗೂ ಫೋನ್ ಬರುತ್ತದೆ.

ಇಬ್ಬರೂ ಎಲ್ಲಿ ಮನೆ ಮಾಡುತ್ತಾರೆ, ಮುಂದೆ ಏನು ಅಂತ ತುಂಬಾ ಜನ ಕೇಳಿದ್ದೀರಿ. ಅವರ ಮೇಲಿನ ಪ್ರೀತಿಯಿಂದ ಕೇಳಿದ್ದೀರಿ, ಗೊತ್ತು. ಅದನ್ನು ಅವರೇ ಹೇಳಲಿ. ಫೋಟೋಗಳನ್ನೂ ಇಲ್ಲಿ ಹಾಕುತ್ತಿಲ್ಲ. ಎಷ್ಟೋ ಚಿತ್ರಗಳಲ್ಲಿ ಬೇರೆಯವರ ಮನೆಯ ಚಿಕ್ಕ ಮಕ್ಕಳಿದ್ದಾರೆ. ಅವರ ಅಪ್ಪ ಅಮ್ಮನನ್ನು ಕೇಳದೆ ಹಾಕುವುದು ಸರಿಯಲ್ಲ. ಆಲ್ಬಮ್ ಬಂದ ಮೇಲೆ ನಿಮ್ಮ ನಿಮ್ಮ ಚಿತ್ರಗಳನ್ನು ನಿಮ್ಮ ನಂಬರಿಗೇ ಕಳಿಸುತ್ತೇವೆ. ನಿಮ್ಮ ಹತ್ತಿರ ಇರುವ ಫೋಟೋಗಳನ್ನೂ ಹಾಗೆಯೇ ನಮಗೆ ಕಳಿಸಿ.

ಕೊನೆಗೆ, ಹಾಲ್‌ನಲ್ಲಿ ಉಳಿದ ವಸ್ತುಗಳು. ನಮ್ಮ ಚಾವಡಿಯಲ್ಲಿ ಈಗ 11 ಕೊಡೆಗಳು ಒಣಗುತ್ತಿವೆ. ಎಂಟು ಕಪ್ಪು, ಎಲ್ಲ ಒಂದೇ ತರ. ನಿಮ್ಮದನ್ನು ನೀವೇ ಬಂದು ಗುರುತು ಹಿಡಿಯಬೇಕು. ಒಂದು ಸ್ಟೀಲ್ ಬುತ್ತಿ ಇದೆ, ತೊಳೆದು ಇಟ್ಟಿದ್ದೇನೆ. ಒಂದು ಪುಟ್ಟ ಮಗುವಿನ ಬೆಳ್ಳಿ ಗೆಜ್ಜೆಯೂ ಸಿಕ್ಕಿದೆ, ಒಂದೇ ಕಾಲಿನದು. ಇನ್ನೊಂದು ಯಾರ ಮನೆಯಲ್ಲಿದೆಯೋ ಅವರು ಒಂದು ಫೋನ್ ಮಾಡಿ. ಸಂಜೆ ಐದರ ಮೇಲೆ ನಾವಿಬ್ಬರೂ ಮನೆಯಲ್ಲೇ ಇರುತ್ತೇವೆ. ಗೇಟಿನ ಹತ್ತಿರ ನಿಂತು ತೆಗೆದುಕೊಂಡು ಹೋಗುವುದು ಬೇಡ, ಒಳಗೆ ಬಂದು ಕಾಫಿ ಕುಡಿದೇ ಹೋಗಬೇಕು.

ಇತಿ,
ಮದುಮಗಳ ಅಮ್ಮ ಮತ್ತು ಅಪ್ಪ
ಎರಡೂ ಮನೆಯವರ ಪರವಾಗಿ