ಅಡಿ ನೂಲು: ನಿರೂಪಣೆಯ ಅಂತಿಮ ಪ್ರತಿ (2 ನಿಮಿಷ 10 ಸೆಕೆಂಡ್)

ಮೂಲ ದಿನಚರಿ, ಮಾರ್ಚ್ 14

ಅಮ್ಮ ಹೋಗಿ ಮೂರು ವಾರ. ಇವತ್ತು ಅವಳ ಮೆಷಿನ್ ತೆಗೆದೆ. ಬಾಬಿನ್‌ನಲ್ಲಿ ನೀಲಿ ನೂಲು ಹಾಗೇ ಇತ್ತು. ಎದೆ ಒಡೆದುಹೋಯಿತು, ಗಂಟೆಗಟ್ಟಲೆ ಅತ್ತೆ. ನಾನೇ ಹೊಲಿಯಲು ಹೋದರೆ ಅಡಿಯಲ್ಲೆಲ್ಲ ಸಿಕ್ಕು. ಅವಳಿದ್ದಾಗ ಕಲಿಯಲಿಲ್ಲ. ನಾನೆಂಥ ಮಗಳು!

ಧ್ವನಿ ಕೊಡುವವರಿಗೆ: ಅತ್ತದ್ದು, ಎದೆ ಒಡೆದದ್ದು, 'ಎಂಥ ಮಗಳು' ಎಂಬ ಮೂರನ್ನೂ ತೆಗೆದಿದೆ. ಆ ಭಾರವನ್ನು ಸಿಕ್ಕಿನ ಭಾಗ ಹೊರುತ್ತದೆ, ಅದಕ್ಕೇ ಅದನ್ನು ಬೆಳೆಸಿದ್ದು. 'ಇವತ್ತು' ಬಿಟ್ಟಿದೆ, ಈಗ ಮಾತಾಡುವವಳು ಆ ದಿನದಿಂದ ದೂರ ಬಂದಿದ್ದಾಳೆ. ಸಂಗೀತ ಇಲ್ಲ.

00:00 ಚಿತ್ರ: ಮುಚ್ಚಳ ತೆಗೆಯುವ ಕೈ. ಮುಖ ಬೇಡ. 8 ಸೆಕೆಂಡ್ ಕೋಣೆಯ ಸದ್ದು ಮಾತ್ರ.

ಧ್ವನಿ: ಅಮ್ಮ ಹೋಗಿ ಮೂರು ವಾರಕ್ಕೆ ಅವಳ ಹೊಲಿಗೆ ಮೆಷಿನ್ ತೆಗೆದೆ. ಬಾಬಿನ್‌ನಲ್ಲಿ ನೀಲಿ ನೂಲಿತ್ತು. ಅರ್ಧ ಮುಗಿದಿತ್ತು. ಯಾವ ಬಟ್ಟೆಗೆಂದು ಸುತ್ತಿದ್ದಳೋ. ಕಪಾಟು ಹುಡುಕಿದೆ. ನೀಲಿ ಹೊಲಿಗೆಯದು ಒಂದೂ ಸಿಗಲಿಲ್ಲ.

(4 ಸೆಕೆಂಡ್ ಮೌನ)

00:38 ಚಿತ್ರ: ದಿಂಬಿನ ಚೀಲ, ಮೊದಲು ಮೇಲ್ಭಾಗ, ಆಮೇಲೆ ಅಡಿ.

ಧ್ವನಿ: ಅಂಚು ಬಿಟ್ಟ ದಿಂಬಿನ ಚೀಲವೊಂದಿತ್ತು. ಮೇಲೆ ಬಿಳಿ ನೂಲು ಪೋಣಿಸಿ ಹೊಲಿದೆ. ಮೇಲಿಂದ ನೇರವಾಗಿತ್ತು. ತಿರುಗಿಸಿದರೆ ಅಡಿಯಲ್ಲೆಲ್ಲ ಕುಣಿಕೆ. ಅಡಿ ನೂಲಿನದೇ ದೋಷವೆಂದು ಬಾಬಿನ್ ತೆಗೆದು ಮತ್ತೆ ಹಾಕಿದೆ, ಮೂರು ಸಲ. ತಪ್ಪು ಅಲ್ಲಿರಲಿಲ್ಲ. ಮೇಲಿನ ನೂಲು ಟೆನ್ಷನ್ ಬಿಲ್ಲೆಗಳ ನಡುವೆ ಕೂತೇ ಇರಲಿಲ್ಲ. ಬಟ್ಟೆ ಒತ್ತುವ ಪಾದ ಇಳಿದಿದ್ದರೆ ಬಿಲ್ಲೆಗಳು ಬಿಗಿದಿರುತ್ತವೆ, ನೂಲು ಒಳಗೆ ಹೋಗುವುದಿಲ್ಲ. ಪಾದ ಎತ್ತಿ ಪೋಣಿಸಬೇಕು.

ಇದನ್ನು ಅಮ್ಮ ಒಮ್ಮೆ ಹೇಳಿದ್ದಳು. ನಾನು ಫೋನ್ ನೋಡುತ್ತಿದ್ದೆ.

(6 ಸೆಕೆಂಡ್ ಮೌನ. ಎಣಿಸಿಯೇ ಬಿಡಿ. ಕೊನೆಯ ವಾಕ್ಯದಲ್ಲಿ ಧ್ವನಿ ನಡುಗಿದರೆ ಅದು ಕ್ಷಮೆ ಕೇಳಿದಂತೆ ಕೇಳಿಸುತ್ತದೆ, ಮತ್ತೊಮ್ಮೆ ರೆಕಾರ್ಡ್ ಮಾಡಿ. ಬಿಲ್ಲೆಯ ಬಗ್ಗೆ ಹೇಳಿದ ದನಿಯೇ ಇದಕ್ಕೂ ಸಾಕು.)

01:36 ಚಿತ್ರ: ಕಾಲು, ಪೆಡಲ್, ಓಡುವ ಸೂಜಿ. ಮೆಷಿನ್ನಿನ ಸದ್ದು ಮಾತಿಗಿಂತ ಮೊದಲು ಬರಲಿ.

ಧ್ವನಿ: ಹೊಲಿಗೆ ಬಿಚ್ಚಿದೆ. ಪಾದ ಎತ್ತಿ ಪೋಣಿಸಿದೆ. ಈ ಸಲ ಅಡಿಯೂ ನೇರ ಬಂತು. ಅಂಚು ಅರ್ಧಕ್ಕೆ ಬಂದಾಗ ನಿಲ್ಲಿಸಿದೆ. ನೀಲಿ ಇನ್ನೂ ಸ್ವಲ್ಪ ಉಳಿದಿತ್ತು. ಬೇರೆ ಬಾಬಿನ್‌ಗೆ ಬಿಳಿ ಸುತ್ತಿಕೊಂಡೆ.

02:03 ಚಿತ್ರ: ಅಂಚಿನ ಅಡಿಭಾಗ, ನೀಲಿ ನಿಂತು ಬಿಳಿ ಶುರುವಾಗುವ ಜಾಗ. 7 ಸೆಕೆಂಡ್. ಇದಕ್ಕೆ ಮಾತು ಬರೆದಿಲ್ಲ, ಸೇರಿಸಬೇಡಿ.