ಆಟವೂ ಇರಲಿ, ಓದೂ ನಡೆಯಲಿ

ಶಿಕ್ಷಕರಿಗೂ ಟೆಕ್ ಕ್ಲಬ್ಬಿನ ಗೆಳೆಯ ಗೆಳತಿಯರಿಗೂ ನಮಸ್ಕಾರ.

ಮೊಬೈಲ್ ಗೇಮ್ ಬಿಟ್ಟುಬಿಡಿ ಅಂತ ಹೇಳಲು ನಾನು ಬಂದಿಲ್ಲ. ನನಗೂ ಆಟ ಇಷ್ಟ. ನಮ್ಮ ಶಿರಸಿಯ ಮಳೆಗಾಲದಲ್ಲಿ ಮೈದಾನವೆಲ್ಲ ಕೆಸರು. ಸಂಜೆ ಕೈ ಮೊಬೈಲಿಗೆ ಹೋಗುವುದು ಸಹಜ ಅಲ್ವಾ?

ಆದರೆ ಟೆಕ್ ಕ್ಲಬ್ಬಿನವರಾದ ನಾವು ಗೇಮ್ ಹೇಗೆ ಕಟ್ಟಿದ್ದಾರೆ ಅಂತಲೂ ನೋಡಬೇಕು. ದಿನಾ ಲಾಗಿನ್ ಆದರೆ ಬಹುಮಾನ. ಒಂದು ದಿನ ತಪ್ಪಿದರೆ ಲೆಕ್ಕ ಮತ್ತೆ ಮೊದಲಿನಿಂದ. ಬಾಕ್ಸ್ ತೆರೆದರೆ ಏನು ಸಿಗುತ್ತದೋ ಗೊತ್ತಿಲ್ಲ, ಅದಕ್ಕೇ ಇನ್ನೊಂದು ತೆರೆಯೋಣ ಅನ್ನಿಸುತ್ತದೆ. 'ಇನ್ನೊಂದೇ ಮ್ಯಾಚ್' ಅನ್ನುವ ಆಸೆ ಸುಮ್ನೆ ಹುಟ್ಟುವುದಿಲ್ಲ, ಬೇಕಂತಲೇ ಹುಟ್ಟಿಸುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಗೇಮಿಂಗ್ ಚಟವನ್ನು ತನ್ನ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಆಡುವವರಿಗೆಲ್ಲ ಆ ಕಾಯಿಲೆ ಇದೆ ಅಂತಲ್ಲ. ನಿದ್ದೆ, ಓದು ಕೆಡುತ್ತಿದ್ದರೂ ನಿಲ್ಲಿಸಲು ಆಗುತ್ತಿಲ್ಲ ಅಂದರೆ ಮನೆಯವರಿಗೆ ಹೇಳಿ. ಮುಚ್ಚಿಡಬೇಡಿ.

ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ Digital Wellbeing ಇರುತ್ತದೆ. ಅಲ್ಲಿ ಗೇಮಿಗೆ ಟೈಮರ್ ಹಾಕಬಹುದು. ನಾನು 40 ನಿಮಿಷ ಇಟ್ಟಿದ್ದೇನೆ, ಅದೂ ಹೋಂವರ್ಕ್ ಮುಗಿದ ಮೇಲೆ. ಓದುವಾಗ ಫೋನ್ ಅಮ್ಮನ ಹತ್ತಿರ ಇರುತ್ತದೆ.

ಎಲ್ಲಕ್ಕಿಂತ ಕಷ್ಟ ಗೆಳೆಯರ ಕರೆ. ಟೀಮ್ ಕಾಯುತ್ತಿರುವಾಗ ಒಬ್ಬರೇ 'ಇಲ್ಲ' ಅನ್ನುವುದು ಸುಲಭವಲ್ಲ. ಹಾಗಾಗಿ ಎಲ್ಲರೂ ಒಟ್ಟಿಗೆ ಒಪ್ಪೋಣ: ಶಾಲೆ ಇರುವ ದಿನ ರಾತ್ರಿ 8 ಗಂಟೆಯ ನಂತರ ಯಾರೂ ಯಾರಿಗೂ ಇನ್ವೈಟ್ ಕಳಿಸುವುದಿಲ್ಲ. ಭಾನುವಾರ ಬೇಕಾದರೆ ಟೂರ್ನಮೆಂಟ್ ಇಟ್ಟುಕೊಳ್ಳೋಣ.

ಒಪ್ಪಿಗೆ ಇರುವವರು ಈಗಲೇ ಕೈ ಎತ್ತಿ. ಧನ್ಯವಾದ.