ಕತ್ತರಿ ಹಿಡಿಯುವ ಮುನ್ನ ಒಂದು ನಿಲುಗಡೆ

ಆಡಳಿತ ಮಂಡಳಿ ಸಭೆ, ದಾವಣಗೆರೆ
ಸ್ಲೈಡ್ 6: ಪ್ರಕರಣ ಅಧ್ಯಯನ

ಮೂರು ಬಾರಿ ನಿಂತು, ಬಾಯಿಬಿಟ್ಟು ಕೇಳಿದರು. ಶಸ್ತ್ರಚಿಕಿತ್ಸೆಯ ತೊಡಕುಗಳು ಇಳಿದವು
ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷತಾ ಪಟ್ಟಿ, ಎಂಟು ನಗರಗಳ ಎಂಟು ಆಸ್ಪತ್ರೆಗಳು, 2007–08

ಸವಾಲು
ಏನು ಮಾಡಬೇಕೆಂಬುದು ಎಲ್ಲರಿಗೂ ಗೊತ್ತಿತ್ತು. ಆದರೆ ಆರು ಮೂಲ ಸುರಕ್ಷತಾ ಕ್ರಮಗಳು ಒಂದೂ ತಪ್ಪದೆ ನಡೆದದ್ದು ಸುಮಾರು ಮೂವರು ರೋಗಿಗಳಲ್ಲಿ ಒಬ್ಬರಿಗೆ ಮಾತ್ರ.

ವಿಧಾನ
ಒಂದೇ ಹಾಳೆಯ ಪಟ್ಟಿ, ಮೂರು ನಿಲುಗಡೆ: ಅರಿವಳಿಕೆಗೆ ಮುನ್ನ, ಚರ್ಮ ಕೊಯ್ಯುವ ಮುನ್ನ, ರೋಗಿಯನ್ನು ಹೊರಗೆ ಕರೆದೊಯ್ಯುವ ಮುನ್ನ. ಪ್ರತಿ ಅಂಶವನ್ನೂ ಗಟ್ಟಿಯಾಗಿ ಓದಿ, ಉತ್ತರ ಪಡೆದು ಮುಂದುವರಿಯುವುದು.

ಫಲಿತಾಂಶ
ಒಳರೋಗಿಗಳಲ್ಲಿ ಗಂಭೀರ ತೊಡಕಿನ ಪ್ರಮಾಣ:

# ಶೇ 11 → ಶೇ 7

ಮೂಲ: ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್, ಜನವರಿ 2009

---

ಈ ಸ್ಲೈಡ್‌ಗೆ ಮಾತಿನ ಪಠ್ಯ

ಮಾನ್ಯ ಅಧ್ಯಕ್ಷರೇ, ಮಂಡಳಿಯ ಸದಸ್ಯರೇ, ಹಿರಿಯ ವೈದ್ಯರೇ,

ಈ ಸುರಕ್ಷತಾ ಪಟ್ಟಿಯನ್ನು ನಮ್ಮ ಥಿಯೇಟರ್‌ಗಳಿಗೂ ತರಲು ನಮ್ಮ ಗುಣಮಟ್ಟ ವಿಭಾಗ ಏನು ಕೇಳುತ್ತಿದೆ ಎಂದು ಇದುವರೆಗಿನ ಐದು ಸ್ಲೈಡ್‌ಗಳಲ್ಲಿ ಹೇಳಿದೆ. ಇದು ಬೇರೆಯವರು ಮಾಡಿ ನೋಡಿದ್ದು. ತೆರೆಯ ಮೇಲೆ ಒಂದೇ ಅಳತೆ ಇದೆ, ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು ಎಂದು. ದಯವಿಟ್ಟು ಅದನ್ನು ನೋಡಿಕೊಂಡೇ ನನ್ನ ಮಾತು ಕೇಳಿ.

ಮೊದಲು ಸವಾಲು. ಟೊರಾಂಟೊ, ಲಂಡನ್, ಸಿಯಾಟಲ್, ಆಕ್ಲೆಂಡ್‌ಗಳಂಥ ಸಿರಿವಂತ ಊರುಗಳ ಆಸ್ಪತ್ರೆಗಳೂ ಈ ಅಧ್ಯಯನದಲ್ಲಿದ್ದವು. ನವದೆಹಲಿ, ಮನಿಲಾ, ಅಮ್ಮಾನ್ ಮತ್ತು ತಾಂಜಾನಿಯಾದ ಇಫಾಕಾರದ ಆಸ್ಪತ್ರೆಗಳೂ ಇದ್ದವು. ಎಲ್ಲ ಕಡೆಯೂ ತರಬೇತಿ ಪಡೆದ ಶಸ್ತ್ರಚಿಕಿತ್ಸಕರಿದ್ದರು. ಆದರೆ ಆರು ಕ್ರಮಗಳನ್ನು ಎಣಿಸತೊಡಗಿದಾಗ, ಉದಾಹರಣೆಗೆ ಪಲ್ಸ್ ಆಕ್ಸಿಮೀಟರ್ ಹಾಕಿದ್ದಾರೆಯೇ, ಆಂಟಿಬಯೋಟಿಕ್ ಸರಿಯಾದ ಹೊತ್ತಿಗೆ ಕೊಟ್ಟಿದ್ದಾರೆಯೇ, ಕೊನೆಯಲ್ಲಿ ಸ್ಪಂಜು ಎಣಿಸಿದ್ದಾರೆಯೇ ಎಂದು ನೋಡಿದಾಗ, ಆರೂ ಸರಿಯಾಗಿ ನಡೆದದ್ದು ಶೇ 34ರಷ್ಟು ರೋಗಿಗಳಿಗೆ. ಆಂಟಿಬಯೋಟಿಕ್ ಒಂದನ್ನೇ ತೆಗೆದುಕೊಂಡರೂ ಹೊತ್ತಿಗೆ ಸರಿಯಾಗಿ ಸಿಕ್ಕಿದ್ದು ಶೇ 56ರಷ್ಟು ಮಂದಿಗೆ. ಇಲ್ಲಿ ಕೊರತೆ ಇದ್ದದ್ದು ವಿದ್ಯೆಯದಲ್ಲ. ಅವಸರದ ನಡುವೆ 'ಇನ್ನೊಬ್ಬರು ಮಾಡಿರುತ್ತಾರೆ' ಎಂದು ಪ್ರತಿಯೊಬ್ಬರೂ ಅಂದುಕೊಳ್ಳುವುದು ಎಲ್ಲ ಥಿಯೇಟರ್‌ಗಳ ರೋಗ.

ವಿಧಾನದ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತೇನೆ, ಏಕೆಂದರೆ ಮಂಡಳಿ ಹಣ ಮತ್ತು ಸಮಯ ಕೊಡಬೇಕಾದದ್ದು ಇದಕ್ಕೇ. ಅಮೆರಿಕದ ಶಸ್ತ್ರಚಿಕಿತ್ಸಕ ಅತುಲ್ ಗವಾಂಡೆ ಅವರ ನೇತೃತ್ವದ ತಂಡ ರೂಪಿಸಿದ ಪಟ್ಟಿಯಲ್ಲಿ 19 ಅಂಶಗಳಿವೆ. ಅರಿವಳಿಕೆ ಕೊಡುವ ಮುನ್ನ ರೋಗಿಯ ಹೆಸರು, ಯಾವ ಶಸ್ತ್ರಚಿಕಿತ್ಸೆ, ಎಡವೋ ಬಲವೋ, ಒಪ್ಪಿಗೆ ಪತ್ರ, ಅಲರ್ಜಿ, ಅರ್ಧ ಲೀಟರ್‌ಗಿಂತ ಹೆಚ್ಚು ರಕ್ತ ಹೋಗುವ ಸಂಭವ ಉಂಟೇ ಎಂಬುದು. ಕೊಯ್ಯುವ ಮುನ್ನ ಒಳಗಿರುವ ಎಲ್ಲರೂ ತಮ್ಮ ಹೆಸರು ಮತ್ತು ಪಾತ್ರ ಹೇಳಬೇಕು. ಕಳೆದ ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ಹೋಗಿದೆಯೇ ಎಂದು ಕೇಳಬೇಕು. ಕೊನೆಗೆ ಉಪಕರಣ, ಸ್ಪಂಜು, ಸೂಜಿಗಳ ಎಣಿಕೆಯನ್ನು ನರ್ಸ್ ಬಾಯಿಬಿಟ್ಟು ಹೇಳಬೇಕು, ಪರೀಕ್ಷೆಗೆ ಕಳುಹಿಸುವ ಮಾದರಿಯ ಮೇಲೆ ರೋಗಿಯ ಹೆಸರಿರುವುದನ್ನು ಖಚಿತಪಡಿಸಬೇಕು.

ಹೆಸರು ಹೇಳಿಕೊಳ್ಳುವುದನ್ನು ಕೇಳಿ ನಮ್ಮ ಹಿರಿಯರೊಬ್ಬರು ನಕ್ಕಿದ್ದರು: 'ಇಪ್ಪತ್ತು ವರ್ಷದಿಂದ ಜೊತೆಗಿರುವವರಿಗೆ ನನ್ನ ಪರಿಚಯವೇ?' ಅವರ ಮಾತು ಹಳಬರ ಮಟ್ಟಿಗೆ ನಿಜ. ಆದರೆ ರಾತ್ರಿ ಪಾಳಿಗೆ ಹೊಸದಾಗಿ ಬಂದ ಸಿಸ್ಟರ್ ಒಮ್ಮೆ ಬಾಯಿ ತೆರೆದಿದ್ದರೆ, ಮುಂದೆ ಎಣಿಕೆ ತಪ್ಪಿದಾಗ 'ಸರ್, ಒಂದು ಸ್ಪಂಜು ಕಡಿಮೆ ಇದೆ' ಎನ್ನಲು ಹಿಂಜರಿಯುವುದಿಲ್ಲ. ನನ್ನ ಮಟ್ಟಿಗೆ ಪಟ್ಟಿಯ ಅತಿ ಬೆಲೆಬಾಳುವ ಸಾಲು ಅದೇ.

ಇನ್ನು ಫಲಿತಾಂಶ. ಪಟ್ಟಿಗೆ ಮುನ್ನ 3,733 ರೋಗಿಗಳು, ಪಟ್ಟಿ ಬಂದ ಮೇಲೆ 3,955 ರೋಗಿಗಳು. ತೊಡಕು ಶೇ 11ರಿಂದ ಶೇ 7ಕ್ಕೆ ಇಳಿಯಿತು. ಅಂದರೆ ನೂರು ಶಸ್ತ್ರಚಿಕಿತ್ಸೆಗಳಿಗೆ ನಾಲ್ವರು ತೊಡಕಿನಿಂದ ಪಾರಾದರು. ಸಾವಿನ ಪ್ರಮಾಣವೂ ಶೇ 1.5ರಿಂದ 0.8ಕ್ಕೆ ಇಳಿಯಿತು. ಕೇಳುವವರ ಎದೆಗೆ ತಟ್ಟುವ ಅಂಕಿ ಅದೇ, ಒಪ್ಪುತ್ತೇನೆ. ಅದನ್ನು ಬೇಕೆಂದೇ ತೆರೆಯ ಮೇಲೆ ಹಾಕಿಲ್ಲ. ಎರಡು ಥಿಯೇಟರ್‌ಗಳಿರುವ ನಮ್ಮಲ್ಲಿ ಮೂರು ತಿಂಗಳಲ್ಲಿ ಸಾವಿನ ಏರಿಳಿತ ಏನನ್ನೂ ಸಾಬೀತು ಮಾಡುವುದಿಲ್ಲ. ಒಂದು ಸಾವು ಹೆಚ್ಚಾದರೂ ಕಡಿಮೆಯಾದರೂ ಅದು ಆಕಸ್ಮಿಕವಿರಬಹುದು. ಗಾಯದ ಸೋಂಕು, ಮತ್ತೆ ಥಿಯೇಟರ್‌ಗೆ ಒಯ್ಯಬೇಕಾದ ಪ್ರಕರಣ, ನ್ಯುಮೋನಿಯಾ ಇವುಗಳನ್ನಾದರೆ ನಮ್ಮ ವಾರ್ಡ್ ದಾಖಲೆಯಿಂದಲೇ ಎಣಿಸಬಹುದು. ಪಟ್ಟಿ ಜಾರಿಯಾಗಿ ಮೂರು ತಿಂಗಳ ನಂತರ ಇದೇ ಸಭೆಯಲ್ಲಿ ನೀವು ನನ್ನನ್ನು ಹಿಡಿದು ಕೇಳಬಹುದಾದ ಅಂಕಿಯನ್ನೇ ದೊಡ್ಡದಾಗಿ ಬರೆಸಿದ್ದೇನೆ. ಅಷ್ಟು ಸಮಯದಲ್ಲಿ ಅದೂ ಪೂರ್ತಿ ತೀರ್ಪು ಕೊಡಲಾರದು, ದಿಕ್ಕು ತೋರಿಸಬಹುದು.

---

ಪ್ರಶ್ನೆ ಬಂದರೆ ಹೇಳಬೇಕಾದದ್ದು

*'ಇದು ಪಟ್ಟಿಯಿಂದಲೇ ಆಯಿತೆಂದು ಹೇಗೆ ಹೇಳುತ್ತೀರಿ?'*

ಪೂರ್ತಿಯಾಗಿ ಹೇಳಲಾಗದು. ಇದು ಮೊದಲು–ಆಮೇಲೆ ಹೋಲಿಕೆ. ಪಟ್ಟಿ ಬಳಸದ ಆಸ್ಪತ್ರೆಗಳನ್ನು ಪಕ್ಕದಲ್ಲಿಟ್ಟು ನೋಡಿಲ್ಲ. ಯಾರೋ ಗಮನಿಸುತ್ತಿದ್ದಾರೆಂಬ ಅರಿವಿನಿಂದಲೂ ಜನ ಎಚ್ಚರವಾಗುತ್ತಾರೆ. ಇನ್ನೊಂದು ಸಂಗತಿಯನ್ನೂ ಮುಚ್ಚಿಡುವುದಿಲ್ಲ: ಕೆನಡಾದ ಒಂಟಾರಿಯೊ ಪ್ರಾಂತ್ಯದ 101 ಆಸ್ಪತ್ರೆಗಳಲ್ಲಿ ಪಟ್ಟಿ ಜಾರಿಯಾದ ಮೇಲೆ ನಡೆದ ಅಧ್ಯಯನ 2014ರಲ್ಲಿ ಅದೇ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಲ್ಲಿ ಸಾವು ಮತ್ತು ತೊಡಕುಗಳಲ್ಲಿ ಗಮನಾರ್ಹ ಇಳಿಕೆ ಕಾಣಲಿಲ್ಲ. ತೊಡಕು ಅಲ್ಲಿ ಮೊದಲೇ ಶೇ 4ರ ಒಳಗಿತ್ತು ಎಂಬುದನ್ನು ನೆನಪಿಡಬೇಕು. ಪಟ್ಟಿಗೆ ಗುರುತು ಹಾಕುವುದೂ ಪಟ್ಟಿಯನ್ನು ನಡೆಸುವುದೂ ಬೇರೆ ಬೇರೆ ಎಂಬ ವಿವರಣೆಯನ್ನು ಹಲವರು ಕೊಟ್ಟರು. ನನಗೂ ಅದೇ ಭಯ. ಆದ್ದರಿಂದ ಸಹಿಯಾದ ಹಾಳೆಗಳನ್ನಷ್ಟೇ ಎಣಿಸದೆ, ಮುನ್ಸೂಚನೆ ಕೊಡದೆ ಒಬ್ಬರು ಥಿಯೇಟರ್‌ಗೆ ಹೋಗಿ ಕೂತು ನೋಡುವ ಏರ್ಪಾಡನ್ನು ಸ್ಲೈಡ್ 8ರಲ್ಲಿ ಸೇರಿಸಿದ್ದೇವೆ.

*'ಈಗಲೇ ಶಸ್ತ್ರಚಿಕಿತ್ಸೆಗಳು ತಡವಾಗುತ್ತಿವೆ ಎನ್ನುತ್ತಾರೆ; ಇನ್ನೂ ತಡ ಮಾಡುವುದೇ?'*

ಮೊದಲ ಕೆಲವು ವಾರ ತಡವಾಗಬಹುದು. ಅದಕ್ಕೇ ಒಂದೇ ಥಿಯೇಟರ್‌ನಿಂದ, ಅದೂ ಪೂರ್ವನಿಗದಿತ ಶಸ್ತ್ರಚಿಕಿತ್ಸೆಗಳಿಂದ ಆರಂಭಿಸುತ್ತೇವೆ. ತುರ್ತು ಸಿಸೇರಿಯನ್‌ಗೆ ಯಾವ ಅಂಶಗಳನ್ನು ಉಳಿಸಿಕೊಳ್ಳಬೇಕೆಂಬುದನ್ನು ಪ್ರಸೂತಿ ಮತ್ತು ಅರಿವಳಿಕೆ ವಿಭಾಗದವರು ಕೂತು ನಿರ್ಧರಿಸಲಿ. ಈ ಹಾಳೆ ಪವಿತ್ರ ಗ್ರಂಥವಲ್ಲ. ಸ್ಥಳೀಯವಾಗಿ ಸೇರಿಸಿ ಬದಲಿಸಿಕೊಳ್ಳಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಅದರ ಮೇಲೆ ಅಚ್ಚು ಹಾಕಿಸಿದೆ.

*'ಖರ್ಚು?'*

ಹಾಳೆಗೆ ಖರ್ಚಿಲ್ಲವೆಂದೇ ಹೇಳಬಹುದು. ಖರ್ಚು ಇರುವುದು ತೊಡಕುಗಳನ್ನು ಎಣಿಸುವ ಒಬ್ಬ ನರ್ಸ್‌ನ ಅರ್ಧ ದಿನದ ಕೆಲಸಕ್ಕೆ. ಆ ಹುದ್ದೆಗೆ ಇಂದು ಒಪ್ಪಿಗೆ ಸಿಕ್ಕರೆ ಮೊದಲ ಮೂರು ತಿಂಗಳು ಪಟ್ಟಿ ಇಲ್ಲದೆಯೇ ಎಣಿಸುತ್ತೇವೆ. ನಮ್ಮ ಸ್ವಂತ 'ಮೊದಲು' ಅಂಕಿ ಕೈಗೆ ಬಂದ ಮೇಲಷ್ಟೇ ಹಾಳೆ ಗೋಡೆಗೆ ಏರುತ್ತದೆ.